ಫೋಟೋದಲ್ಲಿ ಕಂಡ ಚಕ್ರ: ನನ್ನ ಅನುಭವ

ನಿವೃತ್ತನಾಗಿ ಶಿರಸಿಯಲ್ಲಿ ಕುಳಿತವನಿಗೆ ಮಕ್ಕಳ ವಿಜ್ಞಾನ ಮಾದರಿಗಳ ಫೋಟೋಗಳು ಬರುತ್ತಲೇ ಇರುತ್ತವೆ. ಕಳುಹಿಸುವವರು ಹಳೆಯ ಸಹೋದ್ಯೋಗಿಗಳು. ಫೋಟೋ ನೋಡಿ ಸಲಹೆ ಕೊಡಬಹುದು ಎಂದು ನಾನು ಹೇಳಿದಾಗ ಅವರಲ್ಲೇ ಒಬ್ಬರು, "ಮಾಸ್ತರೇ, ಫೋಟೋ ನೋಡಿ ಜ್ವರ ಅಳೆಯುತ್ತೀರಾ?" ಎಂದು ನಕ್ಕಿದ್ದರು. ಕಾಳಿ ನದಿಯ ಕಡೆಯ ಒಂದು ಶಾಲೆಯ ಏಳನೇ ತರಗತಿಯ ಹುಡುಗಿಯ ಜಲವಿದ್ಯುತ್ ಮಾದರಿಯ ದೀಪ ಹತ್ತಿದ ಮೇಲೆ ಅವರು ಸುಮ್ಮನಾಗಿದ್ದಾರೆ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಫೋಟೋ ಎಲ್ಲ ಮಕ್ಕಳೂ ತೆಗೆಯುವಂತೆ ನಿಂತು ಮೇಲಿನಿಂದ ತೆಗೆದದ್ದು. ಥರ್ಮಾಕೋಲಿನ ಅಣೆಕಟ್ಟು, ಅದರ ಮೇಲೆ ನೀರಿನ ಬಾಟಲಿ, ಗಾರೆಯವರು ಬಳಸುವ ಲೆವೆಲ್ ಪೈಪಿನ ತುಂಡು, ಪ್ಲಾಸ್ಟಿಕ್ ಚಮಚಗಳ ಚಕ್ರ, ಚಕ್ರದ ಅಚ್ಚಿಗೆ ನೇರವಾಗಿ ಸಿಕ್ಕಿಸಿದ ಆಟಿಕೆ ಮೋಟಾರ್, ಒಂದು ಬಿಳಿ ಎಲ್‌ಇಡಿ. ಚಕ್ರ ತಿರುಗುತ್ತದೆ, ದೀಪ ಹತ್ತುವುದಿಲ್ಲ. ಎಲ್‌ಇಡಿಯೇ ಕೆಟ್ಟಿದೆ ಎಂದುಕೊಂಡು ಹುಡುಗಿ ಆಗಲೇ ಮೂರು ಬದಲಾಯಿಸಿದ್ದಳು.

ನಾನು ಅವಸರ ಮಾಡಿದೆ. ವೇಗ ಸಾಲದು, ಚಕ್ರಕ್ಕೆ ದೊಡ್ಡ ರಾಟೆ, ಮೋಟಾರಿಗೆ ಸಣ್ಣ ರಾಟೆ, ನಡುವೆ ರಬ್ಬರ್ ಬ್ಯಾಂಡ್, ಹತ್ತು ಪಟ್ಟು ವೇಗ ಎಂದು ಬರೆದು ಕಳುಹಿಸಿದೆ. ಹುಡುಗಿಯ ಮನೆಯವರು ನೂರೆಂಬತ್ತು ರೂಪಾಯಿಯಷ್ಟು ಖರ್ಚು ಮಾಡಿ ಎರಡು ದಿನ ಕುಳಿತು ಮಾಡಿದರು. ಬ್ಯಾಂಡ್ ಒದ್ದೆಯಾದಾಗ ಜಾರಿತು, ಒಣಗಿದ್ದಾಗ ಚಕ್ರವೇ ನಿಂತಂತಾಯಿತು. "ಸರ್, ಮೊದಲೇ ಚೆನ್ನಾಗಿ ತಿರುಗುತ್ತಿತ್ತು" ಎಂದು ಹುಡುಗಿ ಧ್ವನಿ ಸಂದೇಶ ಕಳುಹಿಸಿದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಗ ಯೋಚಿಸಿದೆ, ನಾನು ಫೋಟೋವನ್ನು ನೋಡಿದ್ದೆನೇ ಹೊರತು ಅಳೆದಿರಲಿಲ್ಲ. ಮೇಜಿನ ಎತ್ತರಕ್ಕೆ ಮೊಬೈಲ್ ಇಳಿಸಿ, ಚಕ್ರ ಪೂರ್ತಿ ದುಂಡಗೆ ಕಾಣುವಂತೆ ಎದುರಿನಿಂದ ಒಂದು ಫೋಟೋ ತೆಗೆ, ಪಕ್ಕದಲ್ಲಿ ಅಡಿಪಟ್ಟಿ ನಿಲ್ಲಿಸು ಎಂದೆ. ಇಲ್ಲೂ ಎಡವಿದೆ. ಅವಳು ಅಡಿಪಟ್ಟಿಯನ್ನು ಚಕ್ರಕ್ಕಿಂತ ಹತ್ತು ಸೆಂಟಿಮೀಟರ್ ಮುಂದೆ ನಿಲ್ಲಿಸಿದ್ದಳು. ಮೊಬೈಲ್ ಇದ್ದದ್ದು ಚಕ್ರದಿಂದ ಸುಮಾರು ನಲವತ್ತು ಸೆಂಟಿಮೀಟರ್ ದೂರದಲ್ಲಿ. ಹತ್ತಿರದ ಪಟ್ಟಿ ಮೂರರಲ್ಲಿ ಒಂದು ಪಾಲಿನಷ್ಟು ದೊಡ್ಡದಾಗಿ ಕಂಡು, ಒಂಬತ್ತು ಸೆಂಟಿಮೀಟರಿನ ಚಕ್ರ ನನ್ನ ಲೆಕ್ಕಕ್ಕೆ ಏಳಕ್ಕಿಂತಲೂ ಕಡಿಮೆಯಾಯಿತು. ಅಡಿಪಟ್ಟಿ ಅಳೆಯುವ ವಸ್ತುವಿನ ಸಾಲಿನಲ್ಲೇ ನಿಲ್ಲಬೇಕು. ಇದೊಂದನ್ನು ಹೇಳಿಕೊಡದಿದ್ದರೆ ಉಳಿದ ಲೆಕ್ಕವೆಲ್ಲ ನೀರಿನ ಪಾಲು.

ಸರಿಯಾದ ಫೋಟೋ ಬಂದಾಗ ಮೇಲಿನಿಂದ ಕಾಣದಿದ್ದ ದೋಷ ಕಂಡಿತು. ನೀರಿನ ಧಾರೆ ಚಮಚದ ಬಟ್ಟಲಿಗೆ ಬೀಳದೆ ಅದರ ಹಿಡಿಗೆ, ಅಚ್ಚಿನಿಂದ ಒಂದೂವರೆ ಸೆಂಟಿಮೀಟರಿನಷ್ಟೇ ದೂರದಲ್ಲಿ ಬೀಳುತ್ತಿತ್ತು. ಬಾಗಿಲನ್ನು ಕೀಲಿನ ಹತ್ತಿರ ಕೈಯಿಟ್ಟು ತಳ್ಳಿದಂತೆ.

ಇನ್ನು ವೇಗ. ಇಲ್ಲಿ ಸ್ವಲ್ಪ ಬೀಗುವುದಕ್ಕೆ ಅವಕಾಶ ಕೊಡಿ. ಒಂದು ಚಮಚಕ್ಕೆ ಕೆಂಪು ಬಣ್ಣ ಹಚ್ಚಿ, ಸಂಜೆ ಮನೆಯ ದೀಪದ ಬೆಳಕಿನಲ್ಲಿ ಚಕ್ರ ತಿರುಗುವಾಗ ಫೋಟೋ ತೆಗೆದು, ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳುಹಿಸು ಎಂದೆ. ಹಾಗೆ ಕಳುಹಿಸಿದರೆ ಚಿತ್ರದ ವಿವರಗಳು ಅಳಿಸಿಹೋಗುವುದಿಲ್ಲ, ಷಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದು ಸಿಗುತ್ತದೆ. 1/30 ಸೆಕೆಂಡ್ ಎಂದಿತ್ತು. ರಬ್ಬರ್ ಬ್ಯಾಂಡ್ ಇಲ್ಲದ ಫೋಟೋದಲ್ಲಿ ಕೆಂಪು ಬಣ್ಣ ವೃತ್ತದ ಒಂಬತ್ತನೇ ಒಂದು ಭಾಗದಷ್ಟು ಉದ್ದಕ್ಕೆ ಎಳೆದುಕೊಂಡಿತ್ತು. ಅಂದರೆ ಸೆಕೆಂಡಿಗೆ ಮೂರಕ್ಕಿಂತ ತುಸು ಹೆಚ್ಚು ಸುತ್ತು, ನಿಮಿಷಕ್ಕೆ ಸುಮಾರು ಇನ್ನೂರು. ಬ್ಯಾಂಡ್ ಹಾಕಿದ ಫೋಟೋದಲ್ಲಿ ಎಳೆ ಚೂರೇ ಚೂರು, ನಲವತ್ತರ ಆಸುಪಾಸು. ಹತ್ತು ಪಟ್ಟು ಮಾಡಿದರೂ ಮೋಟಾರಿಗೆ ಸಿಕ್ಕಿದ್ದು ನಾನೂರು ಮಾತ್ರ. ಹಗಲಿನ ಬಿಸಿಲಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಷಟರ್ ಬೇಗ ಮುಚ್ಚಿ ಚಮಚ ನಿಂತಂತೆ ಕಾಣುತ್ತದೆ.

ಆ ಆಟಿಕೆ ಮೋಟಾರ್ ಮೂರು ವೋಲ್ಟಿಗೆ ನಿಮಿಷಕ್ಕೆ ಹಲವು ಸಾವಿರ ಸುತ್ತು ಓಡುವಂಥದ್ದು. ಅಷ್ಟು ವೋಲ್ಟ್ ಹಿಂದಕ್ಕೆ ಬರಬೇಕಾದರೆ ಅದನ್ನು ಅಷ್ಟೇ ವೇಗದಲ್ಲಿ ತಿರುಗಿಸಬೇಕು. ನಾನೂರು ಸುತ್ತಿಗೆ ಅರ್ಧ ವೋಲ್ಟೂ ಬರುವುದಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು 1.8, ಬಿಳಿಯದಕ್ಕೆ ಮೂರರ ಹತ್ತಿರ ಬೇಕು. ಪಾಪ, ಆ ಮೂರು ಎಲ್‌ಇಡಿಗಳೂ ಚೆನ್ನಾಗಿಯೇ ಇದ್ದವು!

ಈ ಸಲ ಎರಡೇ ಬದಲಾವಣೆ ಹೇಳಿದೆ. ಹಿಂದೆಲ್ಲ ನಾನು ಒಂದು ಫೋಟೋಕ್ಕೆ ಹನ್ನೆರಡು ಸಲಹೆ ಬರೆಯುತ್ತಿದ್ದೆ. ಅದನ್ನು ಓದಿ ಅಪ್ಪಂದಿರು ಮಾದರಿಯನ್ನು ತಾವೇ ಮಾಡುತ್ತಿದ್ದರು, ಇಲ್ಲವೇ ಸಾವಿರ ರೂಪಾಯಿ ಕೊಟ್ಟು ಸಿದ್ಧ ಮಾದರಿ ತರುತ್ತಿದ್ದರು. ಒಂದನೆಯದು, ಪೈಪಿನ ಬಾಯಿಯನ್ನು ಚಮಚದ ಬಟ್ಟಲಿನ ಎದುರಿಗೆ ಸರಿಸು. ಎರಡನೆಯದು, ಆಟಿಕೆ ಮೋಟಾರ್ ತೆಗೆದು ಹಳೆಯ ಪ್ರಿಂಟರಿನಲ್ಲಿರುವ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಹಾಕಿ, ಅದರ ಒಂದು ಸುರುಳಿಯ ಎರಡು ತಂತಿಗಳಿಗೆ ಕೆಂಪು ಎಲ್‌ಇಡಿ ಜೋಡಿಸು. ಸ್ಟೆಪ್ಪರ್ ನಿಧಾನವಾಗಿ ತಿರುಗಿದರೂ ಸಾಕಷ್ಟು ವೋಲ್ಟ್ ಕೊಡುತ್ತದೆ, ಬೆರಳಿನಲ್ಲಿ ತಿರುಗಿಸಿದರೂ ಎಲ್‌ಇಡಿ ಮಿನುಗುತ್ತದೆ. ಕಾರವಾರದ ರಿಪೇರಿ ಅಂಗಡಿಯವರು ಐವತ್ತು ರೂಪಾಯಿಗೆ ಕೊಟ್ಟರಂತೆ. ಯಾವ ತಂತಿಗಳು ಒಂದೇ ಸುರುಳಿಯವು ಎಂಬುದನ್ನು ಮೀಟರ್ ಇಲ್ಲದೆ ಕಂಡುಹಿಡಿಯಲು, ಎರಡೆರಡನ್ನೇ ತಾಗಿಸಿ ಅಚ್ಚು ತಿರುಗಿಸಿ ನೋಡಿದರೆ ಸಾಕು, ಸರಿಯಾದ ಜೋಡಿ ತಾಗಿದಾಗ ಅಚ್ಚು ಬಿಗಿಯಾಗುತ್ತದೆ.

ಸ್ಟೆಪ್ಪರಿಗೆ ಒಂದು ಹಟವಿದೆ, ಅದರೊಳಗಿನ ಅಯಸ್ಕಾಂತ ಪ್ರತಿ ಹೆಜ್ಜೆಗೂ ಹಿಡಿದುಕೊಳ್ಳುತ್ತದೆ. ಒಂಬತ್ತು ಸೆಂಟಿಮೀಟರಿನ ಚಕ್ರ ಅಲುಗಲೇ ಇಲ್ಲ. ಮುಂದಿನ ಫೋಟೋ ಬಂದ ಮೇಲೆ ಮತ್ತೆ ಎರಡು ಮಾತು: ಚಕ್ರವನ್ನು ಹದಿನಾಲ್ಕು ಸೆಂಟಿಮೀಟರಿಗೆ ಹಿಗ್ಗಿಸು, ನೀರನ್ನು ಇಪ್ಪತ್ತೈದರಿಂದ ಅರವತ್ತು ಸೆಂಟಿಮೀಟರಿಗೆ ಎತ್ತರಿಸು. ಎತ್ತರ ಅಷ್ಟಾದರೆ ಧಾರೆಯ ವೇಗ ಒಂದೂವರೆ ಪಟ್ಟು ಆಗುತ್ತದೆ. ಬಾಟಲಿ ಕೆಲವೇ ಸೆಕೆಂಡಿಗೆ ಖಾಲಿಯಾಗುತ್ತಿದ್ದುದರಿಂದ ಅವಳೇ ಯೋಚಿಸಿ ಐದು ಲೀಟರಿನ ಎಣ್ಣೆ ಕ್ಯಾನ್ ಇಟ್ಟಳು. ಚಕ್ರವನ್ನು ಒಂದು ಬೆರಳಿನಿಂದ ತಳ್ಳಿ ಬಿಟ್ಟರೆ ದೀಪ ಮುಕ್ಕಾಲು ನಿಮಿಷ ಉರಿಯಿತು. ಬೆಳಕು ಸ್ವಲ್ಪ ನಡುಗುತ್ತದೆ. ಇನ್ನೊಂದು ಎಲ್‌ಇಡಿಯನ್ನು ಕಾಲು ಅದಲುಬದಲು ಮಾಡಿ ಜೊತೆಗೆ ಕಟ್ಟಿದ ಮೇಲೆ ನಡುಕ ಅಷ್ಟಾಗಿ ಕಾಣಲಿಲ್ಲ.

ಈ ನಡುವೆ ನಾನು ಮನೆಯಲ್ಲಿ ಅಡಿಕೆ ಹಾಳೆಯಿಂದ ಬಟ್ಟಲು ಕತ್ತರಿಸಿ ಚಕ್ರ ಮಾಡಿ ನೋಡಿದೆ. ನೋಡಲು ಚಂದ, ಅರ್ಧ ಗಂಟೆಗೆ ನೀರು ಕುಡಿದು ಬಾಡಿತು. ಗೆರಟೆಯ ಚೂರುಗಳು ಗಟ್ಟಿ, ಆದರೆ ತೂಕ ಒಂದೇ ಸಮ ಬರಲಿಲ್ಲ. ಕೊನೆಗೆ ಚಮಚವೇ ಮೇಲು. ಚಮಚಗಳನ್ನು ಯಾವ ಓರೆಯಲ್ಲಿ ಕಟ್ಟಿದರೆ ನೀರು ಹಿಂದಿನ ಚಮಚಕ್ಕೆ ಬಡಿಯುವುದಿಲ್ಲ ಎಂಬುದು ನನಗೆ ಗೊತ್ತಾಗಿದೆ, ಇಲ್ಲಿ ಬರೆಯುವುದಿಲ್ಲ. ಇನ್ನೂ ಇಬ್ಬರು ಮಕ್ಕಳು ಇದೇ ವರ್ಷ ಸ್ಪರ್ಧೆಗೆ ಹೊರಟಿದ್ದಾರೆ.

ಕೊನೆಯ ಫೋಟೋದಲ್ಲಿ ಒಂದು ಫಲಕದ ತಪ್ಪು ಸಿಕ್ಕಿತು. 'ಕದ್ರಾದ ಟರ್ಬೈನ್' ಎಂದು ಬರೆದಿದ್ದಳು. ಕಾಳಿ ನದಿಯ ಕದ್ರಾ ವಿದ್ಯುದಾಗಾರದ ನೂರೈವತ್ತು ಮೆಗಾವಾಟ್ ಬರುವುದು ಕಡಿಮೆ ಎತ್ತರದಿಂದ ಬೀಳುವ ಅಪಾರ ನೀರಿನಿಂದ. ಅಲ್ಲಿಯ ಚಕ್ರ ಹಡಗಿನ ಪಂಖದಂತೆ ಇರುತ್ತದೆ, ಕಪ್ಲಾನ್ ಬಗೆಯದು. ಚಮಚದ ಚಕ್ರಕ್ಕೆ ನಂಟಿರುವುದು ಜೋಗದಂಥ ಎತ್ತರದಿಂದ ಬೀಳುವ ನೀರಿಗೆ ಹಾಕುವ ಪೆಲ್ಟನ್ ಚಕ್ರದೊಂದಿಗೆ. ಫಲಕ ಬದಲಾಯಿಸಿದಳು. ತೀರ್ಪುಗಾರರು ಅದನ್ನೇ ಕೇಳಿದರಂತೆ. ಅವಳ ಶಾಲೆಯ ಅಕ್ಕೋರು ಫೋನ್ ಮಾಡಿ ಹೇಳಿದರು.

ಒಟ್ಟು ಖರ್ಚು, ನನ್ನ ದಂಡದ ರಾಟೆಗಳನ್ನೂ ಸೇರಿಸಿ, ಮುನ್ನೂರರ ಒಳಗೆ. ಮೋಟಾರಿನ ಮೇಲೆ ನೀರು ಸಿಡಿಯುವುದನ್ನು ಮಾತ್ರ ಇನ್ನೂ ನಿಲ್ಲಿಸಲಾಗಿಲ್ಲ. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳವನ್ನು ಅಡ್ಡ ಅಂಟಿಸಲು ಫೆವಿಕ್ವಿಕ್ ಹಾಕಿ ಥರ್ಮಾಕೋಲನ್ನೇ ಕರಗಿಸಿಕೊಂಡಿದ್ದಾಳೆ. ನಿನ್ನೆ ಬಂದ ಫೋಟೋದಲ್ಲಿ ಆ ಗುಳಿಯ ಪಕ್ಕಕ್ಕೆ ಅಡಿಪಟ್ಟಿ ಇಟ್ಟಿದ್ದಳು, ಸರಿಯಾಗಿ ಅದೇ ಸಾಲಿನಲ್ಲಿ.