ಬೆಲೆಚೀಟಿಯಲ್ಲಿ ಏನು ಬರೆಯಬೇಕು? ಕಸೂತಿ ಸೀರೆಯೊಂದರ ಲೆಕ್ಕ

ಧಾರವಾಡದ ಕಡೆಯ ಕೈ ಕಸೂತಿ ಹಾಕಿದ ಇಳಕಲ್ ಸೀರೆಯೊಂದು ಮಾರಾಟ ಮಳಿಗೆಯ ಮೇಜಿನ ಮೇಲಿದೆ ಎಂದುಕೊಳ್ಳಿ. ಬೆಲೆ ₹14,000. ಪಕ್ಕದ ಮಳಿಗೆಯಲ್ಲಿ ಅದೇ ಬಣ್ಣದ, ಅದೇ ಗೋಪುರದ ಚಿತ್ತಾರ ಇರುವ ಯಂತ್ರದ ಸೀರೆ ಮೂರು ಸಾವಿರಕ್ಕೇ ಸಿಗುತ್ತದೆ. ಕೊಳ್ಳಲು ಬಂದವರ ಕಣ್ಣು ಎರಡರ ಮೇಲೂ ಓಡುತ್ತದೆ. ಆಗ ಮಾತನಾಡಬೇಕಾದದ್ದು ಸೀರೆಗೆ ಕಟ್ಟಿದ ಚೀಟಿ. ಅದರಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದನ್ನು ಈ ಒಂದೇ ಸೀರೆಯನ್ನು ಇಟ್ಟುಕೊಂಡು ನೋಡೋಣ.

ಮೊದಲು ನಿಮ್ಮ ಪುಸ್ತಕದಲ್ಲಿ ಲೆಕ್ಕ

ಬರವಣಿಗೆಯಲ್ಲಿ ಅಳುಕು ಕಾಣಿಸಿಕೊಳ್ಳುವುದು ಬರೆಯುವವರಿಗೇ ತಮ್ಮ ಬೆಲೆ ಎಲ್ಲಿಂದ ಬಂತೆಂದು ಖಚಿತವಾಗಿ ಗೊತ್ತಿಲ್ಲದಾಗ. ಆದ್ದರಿಂದ ಚೀಟಿಗೆ ಕೈ ಹಾಕುವ ಮೊದಲು ಲೆಕ್ಕ ಬರೆಯಿರಿ. ನಮ್ಮ ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ನೇಕಾರರಿಗೆ ಕೊಟ್ಟ ಸೀರೆಯ ಹಣ ₹4,800, ಕಸೂತಿ ದಾರ ₹350, ತೊಂಬತ್ತು ಗಂಟೆಯ ಕಸೂತಿಗೆ ಗಂಟೆಗೆ ₹75ರಂತೆ ₹6,750, ಇಸ್ತ್ರಿ, ಮಡಿಕೆ, ಚೀಲಕ್ಕೆ ₹300. ಇಲ್ಲಿಗೆ ₹12,200 ಆಯಿತು. ಮಳಿಗೆಯ ಬಾಡಿಗೆ, ಓಡಾಟ, ಮಾರಾಟವಾಗದೆ ಉಳಿಯುವ ಸೀರೆಗಳ ಹೊರೆ ಎಲ್ಲ ಸೇರಿ ₹1,800. ಒಟ್ಟು ₹14,000. ನಿಮ್ಮ ಅಂಕಿಗಳು ಬೇರೆ ಇರಬಹುದು, ಆದರೆ ಈ ಐದು ಸಾಲುಗಳು ಪ್ರತಿ ಸೀರೆಗೂ ಇರಲೇಬೇಕು. ಮುಖ್ಯವಾಗಿ ಗಂಟೆಗಳನ್ನು ಅಂದಾಜಿನಲ್ಲಿ ಬರೆಯಬೇಡಿ. ಸೂಜಿ ಹಿಡಿದಾಗ ಒಮ್ಮೆ, ಇಟ್ಟಾಗ ಒಮ್ಮೆ ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ.

ಈ ಲೆಕ್ಕವನ್ನು ಹಾಗೆಯೇ ಚೀಟಿಗೆ ಇಳಿಸಬಹುದೇ? ಕೆಲವರು ಇಳಿಸುತ್ತಾರೆ. ನನಗೆ ಅದು ಸರಿ ಎನ್ನಿಸುವುದಿಲ್ಲ. ರೂಪಾಯಿಯ ಸಾಲುಗಳನ್ನು ಕಂಡ ಕೂಡಲೇ ಕೊಳ್ಳುವವರು ಒಂದೊಂದು ಸಾಲಿನ ಮೇಲೂ ಚೌಕಾಸಿಗೆ ನಿಲ್ಲುತ್ತಾರೆ: ಚೀಲ ಬೇಡ, ಮುನ್ನೂರು ಬಿಡಿ, ಬಾಡಿಗೆ ನಿಮ್ಮದು, ಅದನ್ನು ನಾವೇಕೆ ಕೊಡಬೇಕು? ರೂಪಾಯಿ ನಿಮ್ಮ ಪುಸ್ತಕದಲ್ಲೇ ಇರಲಿ. ವಸ್ತು, ಕೆಲಸ ಮತ್ತು ಸಮಯ ಚೀಟಿಗೆ ಬರಲಿ.

ಕಣ್ಣಿಗೆ, ಕೈಗೆ ಸಿಗುವ ಗುರುತುಗಳನ್ನು ಆರಿಸುವುದು

ಎರಡು ಮೂರು ಸಂಗತಿ ಸಾಕು. ಆದರೆ ಪ್ರತಿಯೊಂದನ್ನೂ ಕೊಳ್ಳುವವರು ಅಲ್ಲಿಯೇ ನಿಂತು ಪರೀಕ್ಷಿಸುವಂತಿರಬೇಕು.

ಕಸೂತಿ ಸೀರೆಯ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಅದರ ಹಿಂಬದಿ. ಗವಂತಿ ಹೊಲಿಗೆಯಲ್ಲಿ ಸೂಜಿ ಮೊದಲು ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತಾ ಹೋಗುತ್ತದೆ. ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಹೀಗಾಗಿ ಗೆರೆ ಎರಡೂ ಬದಿಯಲ್ಲಿ ಒಂದೇ ರೀತಿ ಮೂಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿಯೂ ಹೀಗೆಯೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ. ಎಳೆ ಎಣಿಸಿಯೇ ಗೋಪುರ ಏಳಬೇಕು. ಒಂದೇ ಒಂದು ಎಳೆ ತಪ್ಪಿದರೂ ಮರಳಿ ಬರುವ ಹೊಲಿಗೆ ಕೂಡಬೇಕಾದ ಜಾಗದಲ್ಲಿ ಕೂಡುವುದಿಲ್ಲ, ಬಿಚ್ಚಿ ಮತ್ತೆ ಹಾಕಬೇಕು. ತೊಂಬತ್ತು ಗಂಟೆ ಹೋಗುವುದು ಇಲ್ಲಿ. ಯಂತ್ರದ ಕಸೂತಿಯನ್ನು ತಿರುವಿದರೆ ಕೆಳಗಿನ ದಾರ ಬೇರೆಯಾಗಿಯೇ ಕಾಣುತ್ತದೆ, ಹಲವು ಸಲ ಅದು ಬಿಳಿಯದಾಗಿರುತ್ತದೆ. ಇಷ್ಟನ್ನೆಲ್ಲ ಚೀಟಿಯಲ್ಲಿ ವಿವರಿಸಬೇಕಿಲ್ಲ. ‘ಹಿಂಬದಿ ತಿರುವಿ ನೋಡಿ’ ಎಂದರೆ ಸಾಕು.

ಇಲ್ಲೊಂದು ಎಚ್ಚರ ಬೇಕು. ನೇಯ್ಗೆಯಂತೆ ಕಾಣುವ ನೇಗಿ ಮತ್ತು ಅಡ್ಡಹೊಲಿಗೆಯ ಮೆಂತಿ ಎರಡೂ ಬದಿ ಒಂದೇ ಆಗಿ ಕಾಣುವುದಿಲ್ಲ. ನಿಮ್ಮ ಸೀರೆಯಲ್ಲಿ ಆನೆಯ ಮೈಯನ್ನು ಮೆಂತಿಯಿಂದ ತುಂಬಿದ್ದರೆ ‘ಎರಡೂ ಬದಿ ಒಂದೇ’ ಎಂದು ಬರೆಯಬಾರದು. ತಿಳಿದವರು ತಿರುವಿ ನೋಡಿದ ಕೂಡಲೇ ನಿಮ್ಮ ಉಳಿದ ಮಾತುಗಳೂ ಬಿದ್ದುಹೋಗುತ್ತವೆ.

ಎರಡನೆಯ ಗುರುತು ಸೀರೆಯದೇ. ಇಳಕಲ್ ಕೈಮಗ್ಗದಲ್ಲಿ ಸೆರಗಿನ ಹಾಸು ಎಳೆಗಳನ್ನು ಒಡಲಿನ ಹಾಸು ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲಿನ ಎಳೆಗಳು ಅಲ್ಲಿಗೇ ನಿಲ್ಲುವುದರಿಂದ ಸೆರಗಿನ ಕೆಂಪು ಹಾಸಿನಲ್ಲೂ ಹೊಕ್ಕಿನಲ್ಲೂ ಕೆಂಪೇ ಆಗಿರುತ್ತದೆ. ಒಡಲಿನ ಎಳೆಯನ್ನೇ ಸೆರಗಿಗೂ ಮುಂದುವರಿಸಿದ ಸೀರೆಯಲ್ಲಿ ಆ ಕೆಂಪಿನೊಳಗೆ ಒಡಲಿನ ಬಣ್ಣ ಬೆರೆತಿರುತ್ತದೆ. ಸೆರಗು ಶುರುವಾಗುವ ಜಾಗವನ್ನು ಬೆಳಕಿಗೆ ಹಿಡಿದರೆ ಕಾಣುತ್ತದೆ.

ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಆ ಗುರುತನ್ನು ಚೀಟಿಯ ಮೇಲೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಹ್ಯಾಂಡ್‌ಲೂಮ್ ಮಾರ್ಕ್ ವಿಷಯವೂ ಹೀಗೆಯೇ, ನೋಂದಣಿ ಬೇಕು. ಇದ್ದರೆ ಹಾಕಿ, ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ.

ಸಮಯವನ್ನು ಹೇಳುವ ರೀತಿ

ನಾನು ಕಂಡ ಚೀಟಿಗಳಲ್ಲಿ ಹೆಚ್ಚು ಕೆಡುವುದು ಈ ಸಾಲು. ಕೆಲಸ ದೊಡ್ಡದೆಂದು ತೋರಿಸಲು ‘ಆರು ತಿಂಗಳ ಶ್ರಮ’ ಎಂದು ಬರೆದುಬಿಡುತ್ತಾರೆ. ಕೊಳ್ಳುವವರು ಮನಸ್ಸಿನಲ್ಲೇ ಭಾಗಿಸುತ್ತಾರೆ. ಹದಿನಾಲ್ಕು ಸಾವಿರವನ್ನು ಆರು ತಿಂಗಳಿಗೆ ಹಂಚಿದರೆ, ಸೀರೆಯ ಹಣವನ್ನು ಕಳೆಯದೆಯೇ, ತಿಂಗಳಿಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ. ಅಂದರೆ ಬರೆದದ್ದು ಸುಳ್ಳಿರಬೇಕು ಅಥವಾ ಹೊಲಿದವರಿಗೆ ಅನ್ಯಾಯವಾಗಿರಬೇಕು. ಎರಡರಲ್ಲಿ ಯಾವುದು ಹೊಳೆದರೂ ಸೀರೆ ಮೇಜಿನ ಮೇಲೆಯೇ ಉಳಿಯುತ್ತದೆ. ಬರಿಯ ‘ತೊಂಬತ್ತು ಗಂಟೆ’ ಎಂಬುದೂ ಓದುವವರಿಗೆ ಥಟ್ಟನೆ ಅರ್ಥವಾಗುವುದಿಲ್ಲ. ‘ದಿನಕ್ಕೆ ಮೂರು ಗಂಟೆಯಂತೆ ಒಂದು ತಿಂಗಳು’ ಎಂದರೆ ಮನೆಗೆಲಸ ಮುಗಿಸಿ, ಹಗಲ ಬೆಳಕಿರುವಾಗ ಕಿಟಕಿಯ ಬಳಿ ಕುಳಿತ ಒಬ್ಬ ಹೆಣ್ಣುಮಗಳು ಕಣ್ಣಿಗೆ ಬರುತ್ತಾಳೆ. ಲೆಕ್ಕವೂ ಸರಿಯಾಗಿಯೇ ಇದೆ.

ಎರಡು ಕೆಟ್ಟ ಕರಡು, ಒಂದು ಒಳ್ಳೆಯದು

ಅಳುಕಿನ ಬರವಣಿಗೆ ಹೀಗಿರುತ್ತದೆ:

‘ಬೆಲೆ ಸ್ವಲ್ಪ ಹೆಚ್ಚು ಅನ್ನಿಸಬಹುದು. ಆದರೆ ಇದು ಕೈಕೆಲಸ, ತುಂಬಾ ಕಷ್ಟಪಟ್ಟು ಮಾಡಿದ್ದೇವೆ. ನಮಗೆ ಉಳಿಯುವುದು ಬಹಳ ಕಡಿಮೆ. ದಯವಿಟ್ಟು ಚೌಕಾಸಿ ಮಾಡಬೇಡಿ.’

ಕೊಳ್ಳುವವರಿಗೆ ಇನ್ನೂ ಏನೂ ಅನ್ನಿಸಿರಲಿಲ್ಲ. ಹೆಚ್ಚು ಎಂಬ ಮಾತನ್ನು ಅವರ ಬಾಯಿಗೆ ನಾವೇ ಹಾಕಿದಂತಾಯಿತು. ಸೀರೆಯ ಬಗ್ಗೆ ಒಂದು ವಿವರವೂ ಇಲ್ಲ, ಇರುವುದೆಲ್ಲ ಮಾರುವವರ ಸಂಕಟ.

ಜಂಬದ ಬರವಣಿಗೆ ಹೀಗೆ:

‘ನಾಡಿನ ಹೆಮ್ಮೆಯ, ಸಾಟಿಯಿಲ್ಲದ ರಾಜವೈಭವದ ಕಲೆ. ಮಾರುಕಟ್ಟೆಯ ನಕಲಿ ಸೀರೆಗಳಂತಲ್ಲ. ಕಲೆಯ ಬೆಲೆ ಬಲ್ಲವರಿಗಾಗಿ ಮಾತ್ರ.’

ಇಲ್ಲಿಯೂ ಸೀರೆ ಇಲ್ಲ. ಜೊತೆಗೆ ಯಂತ್ರದ ಸೀರೆ ಉಟ್ಟು ಮಳಿಗೆಗೆ ಬಂದವರನ್ನು ನಾವು ಅವಮಾನಿಸಿದ್ದೇವೆ. ಯಂತ್ರದ ಸೀರೆ ನಕಲಿಯಲ್ಲ, ಅದು ಬೇರೆಯೇ ವಸ್ತು. ಅದನ್ನು ಅದರ ಪಾಡಿಗೆ ಬಿಡಿ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಇಳಕಲ್ ಕೈಮಗ್ಗದ ಸೀರೆ. ಹತ್ತಿಯ ಒಡಲು, ರೇಷ್ಮೆಯ ದಡಿ ಮತ್ತು ಸೆರಗು. ಸೆರಗನ್ನು ಕೊಂಡಿ ಹಾಕಿ ಜೋಡಿಸಲಾಗಿದೆ.
ಸೆರಗಿನ ಬಳಿ ಗೋಪುರ, ತೇರು ಮತ್ತು ಆನೆ ಅಂಬಾರಿ, ಒಡಲಿನ ತುಂಬ ಸಣ್ಣ ಚುಕ್ಕಿಗಳು. ಎಲ್ಲವೂ ಎಳೆ ಎಣಿಸಿ ಕೈಯಲ್ಲಿ ಹಾಕಿದ ಗವಂತಿ ಮತ್ತು ಮುರ್ಗಿ. ಹಿಂಬದಿ ತಿರುವಿ ನೋಡಿ, ಚಿತ್ತಾರ ಎರಡೂ ಕಡೆ ಒಂದೇ.
ಕಸೂತಿಗೆ ಒಬ್ಬರು ದಿನಕ್ಕೆ ಮೂರು ಗಂಟೆಯಂತೆ ಒಂದು ತಿಂಗಳು ಕುಳಿತಿದ್ದಾರೆ. ಅವರ ಕೂಲಿ ಗಂಟೆಯ ಲೆಕ್ಕದಲ್ಲಿ ಈ ಬೆಲೆಯಲ್ಲಿ ಸೇರಿದೆ.
ಬೆಲೆ ₹14,000.
ಕೆಂಪು ಸೆರಗು ಮೊದಮೊದಲು ಬಣ್ಣ ಬಿಡಬಹುದು. ಮೊದಲ ಸಲ ಡ್ರೈ ಕ್ಲೀನ್ ಮಾಡಿಸಿ. ದಾರ ಸಡಿಲವಾದರೆ ತನ್ನಿ, ಸರಿಪಡಿಸಿ ಕೊಡುತ್ತೇವೆ.’

ಇದರಲ್ಲಿ ಹೊಗಳಿಕೆಯ ಒಂದು ವಿಶೇಷಣವೂ ಇಲ್ಲ, ಕ್ಷಮೆಯೂ ಇಲ್ಲ. ಬೆಲೆ ಕೆಲಸದ ವಿವರ ಮುಗಿದ ಮೇಲೆ, ತನ್ನದೇ ಸಾಲಿನಲ್ಲಿ, ‘ಕೇವಲ’, ‘ಮಾತ್ರ’ ಇಲ್ಲದೆ ನಿಂತಿದೆ. ಕೂಲಿಯ ಸಾಲನ್ನು ಮಾತ್ರ ನಿಜಕ್ಕೂ ಗಂಟೆಯ ಲೆಕ್ಕದಲ್ಲಿ ಕೊಟ್ಟವರೇ ಬರೆಯಬೇಕು. ಇಡೀ ಸೀರೆಗೆ ಇಷ್ಟೆಂದು ಗುತ್ತಿಗೆ ಮಾಡಿಕೊಂಡಿದ್ದರೆ ಅದನ್ನು ತೆಗೆದುಬಿಡಿ. ಕೊನೆಯ ಸಾಲುಗಳಲ್ಲಿ ಸೀರೆಯ ಮಿತಿಯನ್ನೂ ಹೇಳಿದ್ದೇವೆ. ಬಣ್ಣ ಬಿಡುವ ವಿಷಯವನ್ನು ಮುಚ್ಚಿಡದವರು ಗಂಟೆಗಳ ಬಗ್ಗೆಯೂ ನಿಜ ಹೇಳಿರುತ್ತಾರೆ ಎಂದು ಓದುವವರು ಊಹಿಸುತ್ತಾರೆ. ಸರಿಪಡಿಸಿ ಕೊಡುವ ಮಾತನ್ನು ನಡೆಸಿಕೊಡಲು ಸಾಧ್ಯವಿದ್ದರೆ ಮಾತ್ರ ಸೇರಿಸಿ.

‘ಸ್ವಲ್ಪ ಕಡಿಮೆ ಮಾಡಿ’ ಎಂದಾಗ

ಚೀಟಿ ಎಷ್ಟೇ ಚೆನ್ನಾಗಿರಲಿ, ಈ ಮಾತು ಬಂದೇ ಬರುತ್ತದೆ. ‘ಅಕ್ಕಾ, ಹನ್ನೆರಡಕ್ಕೆ ಕೊಡಿ’ ಎನ್ನುತ್ತಾರೆ. ತಕ್ಷಣ ಇಳಿಸಿದರೆ ಚೀಟಿಯಲ್ಲಿ ಬರೆದದ್ದನ್ನೆಲ್ಲ ನೀವೇ ಅಳಿಸಿದಂತೆ: ಹಾಗಿದ್ದರೆ ಆ ಎರಡು ಸಾವಿರ ಯಾವ ಲೆಕ್ಕದ್ದು? ಇಲ್ಲವೇ ಇಲ್ಲ ಎಂದು ಮುಖ ತಿರುಗಿಸುವುದೂ ಬೇಕಿಲ್ಲ. ಹಣ ಕಡಿಮೆಯಾಗಬೇಕಾದರೆ ಕೆಲಸ ಕಡಿಮೆಯಾಗಬೇಕು ಎಂಬುದನ್ನು ಸೀರೆಯನ್ನೇ ತೋರಿಸಿ ಹೇಳಬಹುದು: ‘ಅಮ್ಮಾ, ಈ ಸೀರೆಗೆ ಇದೇ ಬೆಲೆ. ಒಡಲಿನ ಚುಕ್ಕಿಗಳಿಗೇ ಮೂವತ್ತು ಗಂಟೆ ಹಿಡಿದಿದೆ. ಸೆರಗಿಗೆ ಮಾತ್ರ ಕಸೂತಿ ಸಾಕು ಎಂದರೆ ಅಂಥದ್ದು ಹನ್ನೊಂದು ಸಾವಿರದ ಏಳುನೂರೈವತ್ತಕ್ಕೆ ಆಗುತ್ತದೆ, ಹಾಕಿಸಿಕೊಡುತ್ತೇನೆ.’ ಮೂವತ್ತು ಗಂಟೆಗೆ ₹75ರಂತೆ ₹2,250 ಇಳಿಯಿತು, ಅಷ್ಟೇ. ಪುಸ್ತಕದಲ್ಲಿ ಲೆಕ್ಕ ಇದ್ದುದರಿಂದ ಈ ಅಂಕಿ ತಡವರಿಸದೆ ಬಾಯಿಗೆ ಬಂತು.

ಸಾಧ್ಯವಾದರೆ ಹೀಗೆ ಸೆರಗಿಗೆ ಮಾತ್ರ ಕಸೂತಿ ಇರುವ ಒಂದು ಸೀರೆಯನ್ನು ಅದರದೇ ಚೀಟಿಯೊಂದಿಗೆ ಪಕ್ಕದಲ್ಲೇ ಇಡಿ. ಆಗ ಹೋಲಿಕೆ ಪಕ್ಕದ ಮಳಿಗೆಯ ಮೂರು ಸಾವಿರದೊಂದಿಗೆ ನಡೆಯುವುದಿಲ್ಲ, ನಿಮ್ಮದೇ ಎರಡು ಸೀರೆಗಳ ನಡುವೆ ನಡೆಯುತ್ತದೆ. ಎರಡೂ ಚೀಟಿಗಳಲ್ಲಿ ಸಾಲುಗಳ ಕ್ರಮ ಒಂದೇ ಇರಲಿ; ಬದಲಾಗುವುದು ಚಿತ್ತಾರದ ಸಾಲು, ಸಮಯದ ಸಾಲು ಮತ್ತು ಬೆಲೆ ಮಾತ್ರ. ಎರಡನೆಯದರಲ್ಲಿ ‘ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ದಿನ’ ಎಂದಾಗುತ್ತದೆ.