ವೇ ಪ್ರೋಟೀನ್ ನಿಲ್ಲಿಸಿ ನೋಡಿದಾಗ: ಹುಬ್ಬಳ್ಳಿಯ ಚರ್ಮವೈದ್ಯನ ಅನುಭವ

ಹುಬ್ಬಳ್ಳಿಯ ನನ್ನ ಚಿಕಿತ್ಸಾಲಯಕ್ಕೆ ಮೊಡವೆಗೆಂದು ಬರುವ ಹುಡುಗರಲ್ಲಿ ಜಿಮ್‌ಗೆ ಹೋಗುವವರು ಈಗ ಸಾಕಷ್ಟು ಮಂದಿ ಇದ್ದಾರೆ. ಸರಿಯಾದ ಮುಲಾಮು ಹಚ್ಚಿಕೊಳ್ಳುತ್ತಿದ್ದರೂ ಗುಣ ಕಾಣದಿದ್ದಾಗ, ಅದರಲ್ಲೂ ಎದೆ, ಬೆನ್ನು ಮತ್ತು ಭುಜಗಳ ಮೇಲೆ ಗುಳ್ಳೆಗಳು ಎದ್ದಿದ್ದಾಗ, ಯಾವ ಪ್ರೋಟೀನ್ ಪುಡಿ, ದಿನಕ್ಕೆ ಎಷ್ಟು ಸ್ಕೂಪ್, ಯಾವುದರಲ್ಲಿ ಕಲಸಿ ಕುಡಿಯುತ್ತಾರೆ ಎಂದು ಕೇಳುವುದು ನನಗೆ ರೂಢಿಯಾಗಿದೆ.

ಗದಗ ಕಡೆಯಿಂದ ಬಂದು ವಿದ್ಯಾನಗರದ ಹಾಸ್ಟೆಲಿನಲ್ಲಿದ್ದ, ಇಂಜಿನಿಯರಿಂಗ್ ಓದುತ್ತಿದ್ದ 19 ವರ್ಷದ ಯುವಕನೊಬ್ಬನ ವಿಷಯವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಅವನ ತೂಕ 62 ಕಿಲೋ. ರಾತ್ರಿ ಅಡಾಪಲೀನ್, ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್ ತಪ್ಪದೆ ಹಚ್ಚುತ್ತಿದ್ದರೂ ದವಡೆಯ ಮೇಲೆ ಮತ್ತು ಬೆನ್ನಿನಲ್ಲಿ ನೋವಿನ ಗಂಟುಗಳು ಹೊಸದಾಗಿ ಏಳುತ್ತಲೇ ಇದ್ದವು. ದಿನಕ್ಕೆರಡು ಸ್ಕೂಪ್ ವೇ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿಯುತ್ತಿದ್ದ.

ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸಿನ್, ಉಳಿದ 20 ಭಾಗ ವೇ. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿನೀರಿನಲ್ಲಿ ಇರುವುದು ಇದೇ. ಇದು ಬೇಗ ಜೀರ್ಣವಾಗಿ ರಕ್ತದಲ್ಲಿ ಲ್ಯೂಸಿನ್ ಮೊದಲಾದ ಅಮೈನೋ ಆಮ್ಲಗಳನ್ನು ಒಮ್ಮೆಲೇ ಹೆಚ್ಚಿಸುತ್ತದೆ, ಇನ್ಸುಲಿನ್ ಸ್ರಾವವನ್ನೂ ಏರಿಸುತ್ತದೆ. ಇನ್ಸುಲಿನ್ ಮತ್ತು ಅದಕ್ಕೆ ಹತ್ತಿರದ ಬೆಳವಣಿಗೆಯ ಅಂಶಗಳು ಚರ್ಮದ ಎಣ್ಣೆ ಗ್ರಂಥಿಗಳನ್ನು ಚುರುಕುಗೊಳಿಸಿ, ರಂಧ್ರದ ಒಳಪದರದ ಜೀವಕೋಶಗಳು ಬೇಗ ಬೆಳೆದು ಬಾಯಿ ಕಟ್ಟಿಕೊಳ್ಳುವಂತೆ ಮಾಡುತ್ತವೆ ಎಂಬುದು ಈಗಿನ ವಿವರಣೆ. ಆದರೆ ಪುರಾವೆಯ ಬಲವನ್ನು ಹಿಗ್ಗಿಸಿ ಹೇಳಬಾರದು. 2012ರಿಂದ ಈಚೆಗೆ ಪ್ರಕಟವಾದ ವರದಿಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ರೋಗಿಗಳ ವಿವರಗಳು. ಈಚಿನ ಒಂದು ಸಣ್ಣ ನಿಯಂತ್ರಿತ ಪ್ರಯೋಗದಲ್ಲಿ ವೇ ಕುಡಿದವರಿಗೂ ಕುಡಿಯದವರಿಗೂ ಹೆಚ್ಚಿನ ವ್ಯತ್ಯಾಸ ಕಂಡಿಲ್ಲ. ಆದ್ದರಿಂದ ಎಲ್ಲರೂ ಪುಡಿ ಬಿಡಲಿ ಎಂದು ನಾನು ಹೇಳುವುದಿಲ್ಲ, ಆಯಾ ವ್ಯಕ್ತಿಯಲ್ಲೇ ಪರೀಕ್ಷಿಸಿ ನೋಡುತ್ತೇನೆ.

ಅದಕ್ಕೂ ಮುನ್ನ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳುತ್ತೇನೆ. ಗುಳ್ಳೆಗಳೆಲ್ಲ ಒಂದೇ ಗಾತ್ರದವಾಗಿದ್ದು, ತುರಿಕೆಯಿದ್ದು, ಕಪ್ಪು ತಲೆಯ ಮೊಡವೆಗಳು ಒಂದೂ ಇಲ್ಲದಿದ್ದರೆ ಅದು ಬೆವರಿನಲ್ಲಿ ಹೆಚ್ಚುವ ಶಿಲೀಂಧ್ರದ ಸೋಂಕಿರಬಹುದು. ಅದರ ಚಿಕಿತ್ಸೆಯೇ ಬೇರೆ. ಇನ್ನು ತೀವ್ರವಾದ ಮೊಡವೆ ಕೆಲವೇ ವಾರಗಳಲ್ಲಿ ಹಠಾತ್ತನೆ ಎದ್ದಿದ್ದರೆ, ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಅಥವಾ ಹೆಸರಿಲ್ಲದ ಮಾತ್ರೆ ಕೊಟ್ಟಿದ್ದಾರೆಯೇ ಎಂದು ಹುಡುಗನೊಬ್ಬನನ್ನೇ ಕೂರಿಸಿಕೊಂಡು ಕೇಳುತ್ತೇನೆ. ಅವುಗಳಲ್ಲಿ ಸ್ಟೆರಾಯ್ಡ್ ಇದ್ದರೆ ವೇ ನಿಲ್ಲಿಸಿ ಫಲವಿಲ್ಲ.

ಈ ಯುವಕನಲ್ಲಿ ಎರಡೂ ಇರಲಿಲ್ಲ. ಮುಖ ಮತ್ತು ಬೆನ್ನಿನ ಚಿತ್ರಗಳನ್ನು ಒಂದೇ ಬೆಳಕಿನಲ್ಲಿ ತೆಗೆದಿಟ್ಟು, ಪುಡಿಯೊಂದನ್ನು ಮಾತ್ರ ನಿಲ್ಲಿಸಿ, ಮುಲಾಮುಗಳನ್ನು ಹಾಗೆಯೇ ಮುಂದುವರಿಸಿದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಚರ್ಮದೊಳಗೆ ಆರಂಭವಾದ ಮೊಡವೆ ಹೊರಗೆ ಕಾಣಲು ವಾರಗಳೇ ಬೇಕಾಗುವುದರಿಂದ 12 ವಾರ ಕಾಯಬೇಕೆಂದು ಮೊದಲೇ ತಿಳಿಸಿದ್ದೆ. ನಾಲ್ಕನೆಯ ವಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಎಂಟನೆಯ ವಾರದ ಹೊತ್ತಿಗೆ ಹೊಸ ಗಂಟುಗಳು ನಿಂತಿದ್ದವು. ಹನ್ನೆರಡಕ್ಕೆ ಕಲೆಗಳಷ್ಟೇ ಉಳಿದಿದ್ದವು. ಬಳಿಕ ಅವನಾಗಿಯೇ ಮತ್ತೆ ಪುಡಿ ಆರಂಭಿಸಿದಾಗ ಬೆನ್ನಿನಲ್ಲಿ ಗಂಟುಗಳು ಮರುಕಳಿಸಿದವು. ಅವನ ಮಟ್ಟಿಗೆ ಸಂಬಂಧವಿದೆ ಎನ್ನಲು ನನಗೆ ಹೆಚ್ಚು ಭರವಸೆ ಕೊಟ್ಟದ್ದು ಈ ಮರುಕಳಿಕೆಯೇ.

“ಸರ್, ಐಸೋಲೇಟ್ ತಗೊಂಡ್ರ ನಡೀತೈತೇನ್ರಿ?” ಎಂದು ಕೇಳಿದ. ಇನ್ನಷ್ಟು ಶುದ್ಧೀಕರಿಸಿದ ವೇ ಪುಡಿಯಾದ ಐಸೋಲೇಟಿನಲ್ಲಿ ಬಹುಪಾಲು ತೆಗೆಯುವುದು ಲ್ಯಾಕ್ಟೋಸ್ ಮತ್ತು ಕೊಬ್ಬನ್ನು. ವೇ ಪ್ರೋಟೀನ್ ಇನ್ನಷ್ಟು ಸಾಂದ್ರವಾಗಿ ಉಳಿಯುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರಿಗೆ ಅದು ಅನುಕೂಲವೇ ಹೊರತು ಮೊಡವೆಗೆ ಪರಿಹಾರವಲ್ಲ.

ತೂಕ ಎತ್ತುವವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.5 ಗ್ರಾಂ ಪ್ರೋಟೀನ್ ಸಾಕು. ಅವನಿಗೆ ಅದು 93 ಗ್ರಾಂ ಆಗುತ್ತದೆ. ನಾಲ್ಕು ಜೋಳದ ರೊಟ್ಟಿಯಿಂದ ಸುಮಾರು 20, ಮೂರು ಮೊಟ್ಟೆಯಿಂದ 18, ಒಣ ತೂಕದ 50 ಗ್ರಾಂ ಸೋಯಾ ಚಂಕ್ಸ್‌ನಿಂದ 25, ಮಡಕಿ ಅಥವಾ ಹೆಸರುಕಾಳಿನ ಒಂದು ಬಟ್ಟಲು ಪಲ್ಯದಿಂದ 12, ಒಂದು ಹಿಡಿ ಪುಟಾಣಿಯಿಂದ 10, ಅದಕ್ಕಿಂತ ಸಣ್ಣ ಹಿಡಿ ಶೇಂಗಾದಿಂದ 8 ಗ್ರಾಂ ಎಂದು ಲೆಕ್ಕ ಹಾಕಿದೆವು. ಹಾಸ್ಟೆಲಿನಲ್ಲಿ ಸಿಗದಿದ್ದುದು ಮೊಟ್ಟೆ ಮತ್ತು ಸೋಯಾ ಮಾತ್ರ. ಪುಡಿ ಬೇಕೇ ಬೇಕೆನ್ನುವವರಿಗೆ ಬಟಾಣಿ ಅಥವಾ ಸೋಯಾ ಪ್ರೋಟೀನ್ ಸೂಚಿಸುತ್ತೇನೆ. ಬಟಾಣಿಯಲ್ಲಿ ಲ್ಯೂಸಿನ್ ಕಡಿಮೆಯಿರುವುದರಿಂದ ತುಸು ಹೆಚ್ಚು ತೆಗೆದುಕೊಳ್ಳಬೇಕಾಗುತ್ತದೆ. ತೂಕ ಹೆಚ್ಚಿಸಲೆಂದು ಮಾರುವ, ಸಕ್ಕರೆ ಅಂಶ ತುಂಬಿದ ಮಾಸ್ ಗೇನರ್ ಪುಡಿ ಇದಕ್ಕೆ ಬದಲಿಯಲ್ಲ, ಅದೂ ಇನ್ಸುಲಿನ್ ಏರಿಸುತ್ತದೆ.

12 ವಾರ ಬಿಟ್ಟರೂ ವ್ಯತ್ಯಾಸವಾಗದವರಿಗೆ ಪುಡಿಯನ್ನು ಮತ್ತೆ ಕುಡಿಯಲು ಹೇಳಿ, ಔಷಧವನ್ನು ಬದಲಾಯಿಸುತ್ತೇನೆ. ಕುಳಿ ಬೀಳುತ್ತಿರುವ ಮೊಡವೆಯಲ್ಲಿ ಮಾತ್ರ ಈ ಕಾಯುವ ಕ್ರಮವನ್ನು ಅನುಸರಿಸುವುದಿಲ್ಲ. ಪುಡಿ ನಿಲ್ಲಿಸಿದ ದಿನವೇ ಮಾತ್ರೆಗಳನ್ನೂ ಆರಂಭಿಸುತ್ತೇನೆ, ಏಕೆಂದರೆ ಒಮ್ಮೆ ಬಿದ್ದ ಕುಳಿ ಆಹಾರ ಬದಲಾಯಿಸಿದರೆ ತುಂಬಿಕೊಳ್ಳುವುದಿಲ್ಲ.