ವಾರ್ಡ್‌ರೋಬ್ ಆಳ 610 ಇಡಬೇಡಿ, 600 ಇಡಿ

ದಾವಣಗೆರೆ ವಿದ್ಯಾನಗರದಲ್ಲಿ ಹೋದ ತಿಂಗಳು ಒಂದು ವಾರ್ಡ್‌ರೋಬ್ ಮಾಡಿದೆ. ಮನೆಯವರು ಎರಡಡಿ ಆಳ ಕೇಳಿದ್ದರು. ನಾನೂ ಸ್ಕೆಚ್ಅಪ್ ಮಾಡೆಲ್‌ನಲ್ಲಿ 610 ಎಂ.ಎಂ. ಅಂತಲೇ ಇಟ್ಟೆ. ನಿಲುವು ಹಲಗೆ ನಾಲ್ಕು, ಎತ್ತರ 2100.

8x4 ಪ್ಲೈವುಡ್ ಅಂದ್ರೆ 2440 x 1220. ಅದರಲ್ಲಿ 610ರ ಎರಡು ಪಟ್ಟಿ ಬರಬೇಕು ಅಲ್ವಾ? ಬರುವುದಿಲ್ಲ. ಗರಗಸದ ಬ್ಲೇಡೇ ಸುಮಾರು 3 ಎಂ.ಎಂ. ತಿನ್ನುತ್ತದೆ. 610, 610, 3 ಕೂಡಿಸಿದರೆ 1223. ಬರೀ 3 ಎಂ.ಎಂ. ಕಮ್ಮಿ ಬಿದ್ದು, ಎರಡು ಶೀಟಿನ ಕೆಲಸಕ್ಕೆ ನಾಲ್ಕು ಶೀಟ್ ಕೊಯ್ಯಬೇಕಾಗುತ್ತದೆ. ಹಲಗೆಯನ್ನು ಅಡ್ಡ ತಿರುಗಿಸೋಣ ಅಂದ್ರೆ 2100 ಉದ್ದ 1220ರಲ್ಲಿ ಕೂರುವುದಿಲ್ಲ.

ಪುಣ್ಯಕ್ಕೆ ಕೊಯ್ಯುವ ಮೊದಲೇ ಇದು ಕಣ್ಣಿಗೆ ಬಿತ್ತು. ಶೀಟಿನಲ್ಲಿ ಹಲಗೆ ಹೇಗೆ ಕೂರುತ್ತವೆ ಅಂತ ತೋರಿಸುವ ಸ್ಕೆಚ್ಅಪ್ ಪ್ಲಗಿನ್ ಓಪನ್‌ಕಟ್‌ಲಿಸ್ಟ್‌ನಲ್ಲಿ ಬ್ಲೇಡ್ ದಪ್ಪ 3, ಅಂಚು ಸವರಲು ಸುತ್ತಲೂ 5 ಎಂ.ಎಂ. ಹಾಕಿದೆ. ಚಿತ್ರದಲ್ಲಿ ಪ್ರತಿ ಹಲಗೆಗೂ ಒಂದೊಂದು ಶೀಟ್ ತೋರಿಸಿತು. ಆ ಎರಡು ಅಂಕಿ ಸೊನ್ನೆ ಬಿಟ್ಟಿದ್ದರೆ ಎಲ್ಲ ಚೆನ್ನಾಗಿ ಕೂತಂತೆ ಕಾಣುತ್ತಿತ್ತು!

ಮನೆಯವರನ್ನು ಒಪ್ಪಿಸಿ ಆಳ 600 ಮಾಡಿದೆ. ಈಗ 600, 3, 600 ಸೇರಿ 1203. ಅಂಚು ಸವರಿದ ಮೇಲೂ 1210 ಇರುತ್ತದೆ, ಆರಾಮಾಗಿ ಕೂರುತ್ತದೆ. ಹ್ಯಾಂಗರ್‌ಗೂ ಆ ಆಳ ಸಾಕು. ತುದಿಯಲ್ಲಿ ಉಳಿಯುವ 330ರಷ್ಟು ತುಂಡಿನಲ್ಲಿ ಡ್ರಾಯರ್ ಬದಿ ಬಂತು.

ಅಂಚಿಗೆ 2 ಎಂ.ಎಂ. ಪಟ್ಟಿ ಅಂಟಿಸುವುದಾದರೆ ಕೊಯ್ಯುವ ಅಳತೆಯಲ್ಲಿ ಅಷ್ಟು ಕಳೆಯಿರಿ. ಅಂಗಡಿಯಲ್ಲಿ ಶೀಟಿನ ಅಗಲಕ್ಕೂ ಒಮ್ಮೆ ಟೇಪ್ ಹಿಡಿಯಿರಿ.